ಮೂರನೇ ಮಹಡಿ, ಒಂದು ಏರು, ದಿನಕ್ಕೆ 22 ಕಿ.ಮೀ.: ಯಾವ ಸೈಕಲ್ ತೆಗೆದುಕೊಳ್ಳಲಿ?

ಪ್ರಶ್ನೆ: ಸರ್, ನನ್ನ ಎತ್ತರ 157 ಸೆಂ.ಮೀ., ತೂಕ 60 ಕೆ.ಜಿ. ಕೆಲಸಕ್ಕೆ ಹೋಗಲು 11 ಕಿ.ಮೀ., ಬರಲು 11 ಕಿ.ಮೀ. ಬರುವಾಗ ಮನೆ ಹತ್ತಿರ ಒಂದೂಕಾಲು ಕಿ.ಮೀ. ಏರು ಇದೆ. ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಸೈಕಲ್ ಕೆಳಗೇ ನಿಲ್ಲಬೇಕು. ಇ-ಸೈಕಲ್ ತೆಗೆದುಕೊಂಡರೆ ಚಕ್ರದಲ್ಲಿರುವ ಹಬ್ ಮೋಟಾರ್ ಏರು ಹತ್ತಲ್ಲ, ಪೆಡಲ್ ಹತ್ತಿರ ಕೂರುವ ಮಿಡ್ ಡ್ರೈವ್ ಮೋಟಾರೇ ಬೇಕು ಅಂತ ಸಹೋದ್ಯೋಗಿ ಹೇಳುತ್ತಾರೆ. ಅಂಗಡಿಯವರು ಹಬ್ ಮೋಟಾರಿನ ಸೈಕಲ್ ತೋರಿಸಿ, 60 ಕಿ.ಮೀ. ಓಡುತ್ತೆ, ಮೀಡಿಯಂ ಫ್ರೇಮ್ ಆದರೂ ಸೀಟು ಇಳಿಸಿದರೆ ಸರಿಹೋಗುತ್ತೆ ಅಂತಾರೆ. ಬ್ಯಾಟರಿ ಮೇಲೆ 36 ವೋಲ್ಟ್, 7.8 ಆಂಪಿಯರ್ ಅವರ್ ಅಂತ ಬರೆದಿದೆ. ಕಳ್ಳತನದ ಭಯವೂ ಇದೆ. ಇಲ್ಲಾ, ಸಾದಾ ಸೈಕಲ್ಲೇ ಸಾಕಾ?

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಲಿಫ್ಟ್ ಇಲ್ಲದ ಆ ಮೂರನೇ ಮಹಡಿ. ಮೋಟಾರು, ಮೈಲೇಜು ಎಲ್ಲ ಆಮೇಲೆ. ಸೈಕಲ್ ರಾತ್ರಿ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಉಳಿದ ಅರ್ಧ ವಿಷಯ ತೀರ್ಮಾನ ಮಾಡಿಬಿಡುತ್ತದೆ.

ಓಡಾಟಕ್ಕೆ ಬಳಸುವ ಇ-ಸೈಕಲ್ ಸಾಮಾನ್ಯವಾಗಿ 20ರಿಂದ 25 ಕೆ.ಜಿ. ತೂಗುತ್ತದೆ. ಅಂಗಡಿಯಲ್ಲಿ ಒಂದು ಸಲ ಎತ್ತಿ ನೋಡಿದಾಗ ಪರವಾಗಿಲ್ಲ ಅನ್ನಿಸಬಹುದು. ದಿನವೂ ಕೆಲಸ ಮುಗಿಸಿ ಬಂದು ಅದನ್ನು ಹೆಗಲಿಗೆ ಹಾಕಿಕೊಂಡು ಮೂರು ಮಹಡಿ ಹತ್ತಲು ಆಗುವುದಿಲ್ಲ. ಹಾಗಾಗಿ ಸೈಕಲ್ ಕೆಳಗೆ, ಬ್ಯಾಟರಿ ಮೇಲೆ. ಅಂದರೆ ಬ್ಯಾಟರಿ ಬಿಚ್ಚಲು ಬರುವಂಥದ್ದೇ ಆಗಬೇಕು. ಇದರಲ್ಲಿ ರಾಜಿ ಬೇಡ. ಈಗ ಬರುತ್ತಿರುವ ಕೆಲವು ಹಗುರ ಇ-ಸೈಕಲ್‌ಗಳಲ್ಲಿ ಬ್ಯಾಟರಿ ಫ್ರೇಮಿನ ಪೈಪಿನೊಳಗೇ ಇರುತ್ತದೆ. ನೋಡಲು ಚೆಂದ. ಆದರೆ ಚಾರ್ಜ್ ಮಾಡಬೇಕಾದರೆ ಇಡೀ ಸೈಕಲ್ ಪ್ಲಗ್ಗಿನ ಹತ್ತಿರ ಬರಬೇಕು. ನಿಮ್ಮ ಮನೆಗೆ ಅದು ಹೊಂದುವುದಿಲ್ಲ.

ಬಿಚ್ಚಬಹುದಾದ ಬ್ಯಾಟರಿಯಿಂದ ಕಳ್ಳತನದ ಚಿಂತೆಯೂ ಒಂದಷ್ಟು ಇಳಿಯುತ್ತದೆ. ಇ-ಸೈಕಲ್ಲಿನಲ್ಲಿ ತುಂಬಾ ಬೆಲೆಬಾಳುವ ಭಾಗ ಬ್ಯಾಟರಿ. ಅದನ್ನು ಫ್ರೇಮಿಗೆ ಹಿಡಿದಿಡುವ ಪುಟ್ಟ ಕೀಲಿ ಇದೆಯಲ್ಲ, ಅದನ್ನು ನಂಬಬೇಡಿ. ಓಡುವಾಗ ಬ್ಯಾಟರಿ ಬೀಳದಂತೆ ತಡೆಯುವುದೇ ಅದರ ಮುಖ್ಯ ಕೆಲಸ. ದಪ್ಪ ಸ್ಕ್ರೂಡ್ರೈವರ್ ಹಾಕಿ ಮೀಟಿದ ಬ್ಯಾಟರಿ ಪೆಟ್ಟಿಗೆಗಳು ರಿಪೇರಿಗೆ ನನ್ನ ಹತ್ತಿರ ಬಂದಿವೆ. ಪ್ಲಾಸ್ಟಿಕ್ ಹಲ್ಲು ಮುರಿದಿರುತ್ತದೆ, ಕೀಲಿ ಹಾಗೇ ಇರುತ್ತದೆ. ಕೆಲಸದ ಜಾಗದಲ್ಲೂ ಬ್ಯಾಟರಿ ನಿಮ್ಮ ಜೊತೆ ಒಳಗೆ ಬರಲಿ. ನಿಮಗೆ ಬೇಕಾದ ಅಳತೆಯದು ಎರಡೂವರೆ ಕೆ.ಜಿ. ಆಸುಪಾಸು ತೂಗುತ್ತದೆ, ಬ್ಯಾಗಿನಲ್ಲಿ ಹೊರಬಹುದು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನೀವೇ ಹತ್ತು ಸಲ ತೆಗೆದು ಹಾಕಿ ನೋಡಿ. ಕೆಲವು ಬ್ಯಾಟರಿ ತೆಗೆಯಲು ಸೀಟು ಮಡಚಬೇಕು, ಕೆಲವನ್ನು ಎರಡೂ ಕೈಯಲ್ಲಿ ಎಳೆಯಬೇಕು. ಅಲ್ಲೇ ಕಷ್ಟವಾದರೆ ಒಂದು ತಿಂಗಳಲ್ಲಿ ನೀವು ಅದನ್ನು ಕೆಳಗೇ ಬಿಡಲು ಶುರುಮಾಡುತ್ತೀರಿ.

ಇನ್ನು ಬೀಗ. ವೈರಿನ ಹಗ್ಗದಂಥ ಕೇಬಲ್ ಬೀಗವನ್ನು ಕೈಯಲ್ಲಿ ಹಿಡಿಯುವ ಕಟ್ಟರ್ ಒಂದೇ ಕಚ್ಚಿಗೆ ಕತ್ತರಿಸುತ್ತದೆ. ದಪ್ಪ ಕಂಡರೂ ಅದರಲ್ಲಿ ಒಂದಷ್ಟು ಬರೀ ಪ್ಲಾಸ್ಟಿಕ್ ಹೊದಿಕೆ. ನಿಮಗೆ ಬೇಕಾದದ್ದು ಗಟ್ಟಿ ಉಕ್ಕಿನ ಯು ಆಕಾರದ ಬೀಗ. ಅದನ್ನು ಹಿಂದಿನ ಚಕ್ರ, ಫ್ರೇಮಿನ ಪೈಪು ಮತ್ತು ನೆಲದಲ್ಲಿ ಹೂತ ಕಬ್ಬಿಣ, ಮೂರನ್ನೂ ಸುತ್ತಿ ಹಾಕಬೇಕು. ಬೀಗದೊಳಗೆ ಖಾಲಿ ಜಾಗ ಆದಷ್ಟು ಕಮ್ಮಿ ಇರಲಿ. ಖಾಲಿ ಇದ್ದರೆ ಅಲ್ಲಿ ಸಲಾಕೆ ತೂರಿಸಿ ತಿರುಚುತ್ತಾರೆ. ಬ್ಯಾಟರಿಯಿಂದ ಓಡುವ ಗ್ರೈಂಡರ್ ತಂದವನ ಮುಂದೆ ಯಾವ ಬೀಗವೂ ತುಂಬಾ ಹೊತ್ತು ನಿಲ್ಲುವುದಿಲ್ಲ, ನಿಜ. ಆದರೆ ಗ್ರೈಂಡರ್ ಕೂಗುತ್ತದೆ, ಕಿಡಿ ಹಾರಿಸುತ್ತದೆ. ಆ ಸದ್ದು ಯಾರಿಗಾದರೂ ಕೇಳುವ ಜಾಗದಲ್ಲಿ ಸೈಕಲ್ ನಿಲ್ಲಿಸಿ. ಮೆಟ್ಟಿಲ ಕೆಳಗಿನ ಕತ್ತಲ ಮೂಲೆ ಸುರಕ್ಷಿತ ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲಿ ಕಳ್ಳನಿಗೂ ಪುರುಸೊತ್ತು ಸಿಗುತ್ತದೆ.

ಒಂದು ಸೈಕಲ್ ನಾನೂ ಕಳೆದುಕೊಂಡಿದ್ದೇನೆ. ಒಳ್ಳೆಯ ಬೀಗವನ್ನೇ ಹಾಕಿದ್ದೆ, ಮೇಲೆ ಫಲಕವಿಲ್ಲದ ಮೋಟು ಕಂಬವೊಂದಕ್ಕೆ. ಬೀಗ ಹಾಕಿದ ಹಾಗೇ ಸೈಕಲ್ಲನ್ನು ಕಂಬದ ತುದಿಯವರೆಗೆ ಎತ್ತಿ, ಮೇಲಿಂದ ತೆಗೆದುಕೊಂಡು ಹೋಗಿದ್ದರು. ಸಂಜೆ ಬಂದು ನೋಡಿದರೆ ಖಾಲಿ ಕಂಬ, ಒಂದು ಗೀರೂ ಇಲ್ಲ. ಅಂದಿನಿಂದ ಬೀಗ ಹಾಕುವ ಮುಂಚೆ ಕಂಬವನ್ನು ಹಿಡಿದು ಅಲ್ಲಾಡಿಸುತ್ತೇನೆ, ತಲೆ ಎತ್ತಿ ಅದರ ತುದಿ ನೋಡುತ್ತೇನೆ. ನಿಮ್ಮ ಕಟ್ಟಡದ ಕೆಳಗೆ ಅಂಥ ಗಟ್ಟಿ ಕಬ್ಬಿಣ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಗೋಡೆಗೋ ನೆಲಕ್ಕೋ ಕಾಂಕ್ರೀಟಿನಲ್ಲಿ ಒಂದು ಉಕ್ಕಿನ ಬಳೆ ಕೂರಿಸಲು ಅನುಮತಿ ಕೇಳಿ. ಅದು ಸಿಕ್ಕಮೇಲೆ ಸೈಕಲ್ ತನ್ನಿ.

ಆ್ಯಪ್‌ನಲ್ಲಿ ಮೋಟಾರನ್ನು ಲಾಕ್ ಮಾಡುವ ಸೌಲಭ್ಯ ಕೆಲವದರಲ್ಲಿ ಇರುತ್ತದೆ. ಹೊತ್ತುಕೊಂಡು ಹೋಗುವವನನ್ನು ಅದು ತಡೆಯುವುದಿಲ್ಲ. ಫ್ರೇಮ್ ನಂಬರ್ ಸಾಮಾನ್ಯವಾಗಿ ಫ್ರೇಮಿನ ಬುಡದಲ್ಲಿ ಎರಡೂ ಪೆಡಲ್‌ಗಳ ತೋಳು ಸೇರುವ ಅಚ್ಚಿನ, ಅಂದರೆ ಪೆಡಲ್ ಅಚ್ಚಿನ, ಕೆಳಗೆ ಕೊರೆದಿರುತ್ತದೆ. ಸೈಕಲ್ ಮನೆಗೆ ಬಂದ ದಿನವೇ ಮಗುಚಿ ಅದರ ಫೋಟೊ ತೆಗೆದಿಡಿ. ಬ್ಯಾಟರಿಯ ನಂಬರನ್ನೂ ಕೀಲಿಯ ನಂಬರನ್ನೂ ಸೇರಿಸಿ.

ಈಗ ಆ 60 ಕಿ.ಮೀ. ಮಾತಿಗೆ ಬರೋಣ. ಅಂಗಡಿಯವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಹಗುರವಾದ ಸವಾರ, ಸಮತಟ್ಟು ರಸ್ತೆ, ಗಾಳಿ ಇಲ್ಲ, ಮೋಟಾರಿನ ಸಹಾಯ ಕನಿಷ್ಠ ಮಟ್ಟದಲ್ಲಿ, ನಡುವೆ ನಿಲ್ಲುವುದು ಕಮ್ಮಿ. ಇವೆಲ್ಲ ಕೂಡಿಬಂದರೆ 60 ಕಿ.ಮೀ. ಬರಬಹುದು. ನಿಮ್ಮ ರಸ್ತೆ ಅದಲ್ಲ ಅಲ್ವಾ?

ಕಿಲೋಮೀಟರ್ ಬಿಟ್ಟು ವ್ಯಾಟ್ ಅವರ್ ಲೆಕ್ಕ ಹಿಡಿಯಿರಿ. ಬ್ಯಾಟರಿ ಎಂಬ ತೊಟ್ಟಿಯಲ್ಲಿ ಎಷ್ಟು ನೀರಿದೆ ಅನ್ನುವುದನ್ನು ಅದು ಹೇಳುತ್ತದೆ. ವೋಲ್ಟನ್ನು ಆಂಪಿಯರ್ ಅವರಿನಿಂದ ಗುಣಿಸಿದರೆ ಸಿಗುತ್ತದೆ. ನಿಮಗೆ ತೋರಿಸಿದ ಬ್ಯಾಟರಿ 36 ಗುಣಿಸು 7.8, ಅಂದರೆ ಸುಮಾರು 280 ವ್ಯಾಟ್ ಅವರ್. ಇದರಲ್ಲಿ 60 ಕಿ.ಮೀ. ಓಡಬೇಕಾದರೆ ಕಿಲೋಮೀಟರಿಗೆ ಐದಕ್ಕಿಂತ ಕಮ್ಮಿ ಖರ್ಚಾಗಬೇಕು. ನಾನು ಕಂಡಂತೆ ಊರೊಳಗೆ ಪೆಡಲ್ ಮಾಡುತ್ತಾ ಹೋಗುವವರಿಗೆ ಕಿಲೋಮೀಟರಿಗೆ 7ರಿಂದ 10 ಖರ್ಚಾಗುತ್ತದೆ. ಪೆಡಲ್ ಮುಟ್ಟದೆ ಬರೀ ಥ್ರಾಟಲ್ ತಿರುವಿಕೊಂಡು ಹೋದರೆ 15 ದಾಟುತ್ತದೆ.

ನಿಮ್ಮ ಒಂದು ದಿನ ನೋಡೋಣ. ಬೆಳಿಗ್ಗೆ ಹೋಗುವಾಗ ಅದೇ ಏರು ಇಳಿಜಾರಾಗುತ್ತದೆ. ಅಲ್ಲಿ ಖರ್ಚಿಲ್ಲ. ಸಂಜೆಯ ಏರನ್ನೂ ಬೇರೆ ಇಟ್ಟರೆ ಉಳಿಯುವ ಸಮತಟ್ಟು ರಸ್ತೆ ಹತ್ತೊಂಬತ್ತೂವರೆ ಕಿ.ಮೀ. ಕಿಲೋಮೀಟರಿಗೆ 8ರಂತೆ ಹಿಡಿದರೆ 156. ಸಿಗ್ನಲ್‌ಗಳಲ್ಲಿ ನಿಂತು ಹೊರಡುವುದು ಇದರಲ್ಲೇ ಸೇರಿದೆ. ಏರಿಗೆ ಬೇರೆ ಲೆಕ್ಕ ಬೇಕು. ಫೋನಿನ ಮ್ಯಾಪಿನಲ್ಲಿ ಸೈಕಲ್ ದಾರಿ ಹಾಕಿದರೆ ಎಷ್ಟು ಮೀಟರ್ ಮೇಲೇರುತ್ತೀರಿ ಅಂತ ತೋರಿಸುವ ಆ್ಯಪ್‌ಗಳಿವೆ. ಅದರಲ್ಲಿ ನೋಡಿ. ಸದ್ಯಕ್ಕೆ 75 ಮೀಟರ್ ಅಂದುಕೊಳ್ಳೋಣ. ಒಂದೂಕಾಲು ಕಿ.ಮೀ.ಗೆ 75 ಮೀಟರ್ ಅಂದರೆ ನೂರಕ್ಕೆ 6ರ ಏರು. ಕಾಲಿಗೆ ಚೆನ್ನಾಗಿಯೇ ಗೊತ್ತಾಗುವಂಥದ್ದು. ನೀವು, ಸೈಕಲ್, ಬ್ಯಾಗು, ಬೀಗ ಸೇರಿ 90 ಕೆ.ಜಿ. ಅಷ್ಟನ್ನು 75 ಮೀಟರ್ ಎತ್ತಲು ಮತ್ತು ಟೈರಿನ ಎಳೆತ ಮೀರಲು ಒಟ್ಟು ಸುಮಾರು 22 ವ್ಯಾಟ್ ಅವರ್ ಬೇಕು. ಅದರಲ್ಲಿ 9ರಷ್ಟು ನಿಮ್ಮ ಕಾಲೇ ಕೊಡುತ್ತದೆ. ಉಳಿದದ್ದನ್ನು ಮೋಟಾರ್ ಕೊಡಬೇಕು. ಏರಿನಲ್ಲಿ ಒಂದಿಷ್ಟು ಬಿಸಿಯಾಗಿ ವ್ಯರ್ಥವಾಗುವುದರಿಂದ ಬ್ಯಾಟರಿಯಿಂದ ಹೋಗುವುದು 20ರಿಂದ 25. ಎಲ್ಲ ಸೇರಿ ದಿನಕ್ಕೆ 180 ವ್ಯಾಟ್ ಅವರ್.

ಹಾಗಾದರೆ 280 ಸಾಕಲ್ಲ, ಅನ್ನಿಸುತ್ತದೆ. ಹೊಸತಿದ್ದಾಗ ಸಾಕು. ಆದರೆ ಲಿಥಿಯಂ ಬ್ಯಾಟರಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಮೂರ್ನಾಲ್ಕು ವರ್ಷ ದಿನವೂ ದುಡಿದ ಮೇಲೆ ಮುಕ್ಕಾಲು ಭಾಗವಷ್ಟೇ ಹಿಡಿದಿಡುವುದು ಸಾಮಾನ್ಯ. ಆಗ ನಿಮ್ಮ 280 ಸುಮಾರು 210 ಆಗಿರುತ್ತದೆ. 180 ಬಳಸಿದರೆ ತಳ ಕಾಣುತ್ತದೆ. ಅದೂ ಯಾವಾಗ? ಸಂಜೆ, ಏರಿನ ಬುಡದಲ್ಲಿ.

ಈ ಸಮಯದ ವಿಷಯ ನಿಮ್ಮ ಮಟ್ಟಿಗೆ ತುಂಬಾ ಮುಖ್ಯ. 36 ವೋಲ್ಟಿನ ಬ್ಯಾಟರಿ ತುಂಬಿದಾಗ 42 ವೋಲ್ಟ್ ಇರುತ್ತದೆ. ಇಳಿಯುತ್ತಾ 30ರ ಹತ್ತಿರ ಬಂದಾಗ ಒಳಗಿನ ಸರ್ಕ್ಯೂಟ್ ತಾನೇ ನಿಲ್ಲಿಸಿಬಿಡುತ್ತದೆ. ಏರಿನಲ್ಲಿ ಮೋಟಾರ್ ಜಾಸ್ತಿ ಕರೆಂಟ್ ಎಳೆದಾಗ ವೋಲ್ಟೇಜ್ ಆ ಕ್ಷಣಕ್ಕೆ ಇನ್ನೂ ಕುಸಿಯುತ್ತದೆ. ಸಮತಟ್ಟಿನಲ್ಲಿ ಎರಡು ಕಡ್ಡಿ ತೋರಿಸುತ್ತಿದ್ದ ಮೀಟರ್ ಏರಿನ ನಡುವೆ ಒಂದು ಕಡ್ಡಿಗೆ ಬರುತ್ತದೆ. ಮೇಲೆ ಹೋಗಿ ನಿಂತರೆ ಮತ್ತೆ ಎರಡು. ಹಳೆಯ ಬ್ಯಾಟರಿಯಲ್ಲಿ ಈ ಕುಸಿತ ಇನ್ನೂ ಜಾಸ್ತಿ. ಚಾರ್ಜ್ ಉಳಿದಿದೆ ಅಂತ ತೋರಿಸುತ್ತಲೇ ಏರಿನ ನಡುವೆ ಮೋಟಾರ್ ಕೈಕೊಡುವುದು ಇದೇ ಕಾರಣಕ್ಕೆ. ಮೋಟಾರ್ ಕೆಟ್ಟಿದೆ ಅಂತ ತಂದು ನಿಲ್ಲಿಸಿದ ಎಷ್ಟೋ ಸೈಕಲ್‌ಗಳಲ್ಲಿ ಬ್ಯಾಟರಿ ಮಾತ್ರ ಸೋತಿತ್ತು.

ಅದಕ್ಕೇ ನಿಮಗೆ 360ರಿಂದ 400 ವ್ಯಾಟ್ ಅವರ್ ಹೇಳುತ್ತೇನೆ. 36 ವೋಲ್ಟಿನಲ್ಲಿ ಅದು 10ರಿಂದ 11 ಆಂಪಿಯರ್ ಅವರ್. ಕಾಲುಭಾಗ ಕುಗ್ಗಿದ ಮೇಲೂ ಏರಿನ ಬುಡಕ್ಕೆ ನೀವು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಚಾರ್ಜ್ ಇಟ್ಟುಕೊಂಡೇ ಬರುತ್ತೀರಿ. 600ರ ದೊಡ್ಡ ಬ್ಯಾಟರಿ ಬೇಡ. ಇನ್ನೊಂದು ಕೆ.ಜಿ. ಹೊತ್ತು ದಿನವೂ ಮೆಟ್ಟಿಲು ಹತ್ತಬೇಕಾಗುತ್ತದೆ, ಆ ಜಾಸ್ತಿ ಚಾರ್ಜು ಬಳಕೆಗೇ ಬರುವುದಿಲ್ಲ. ಅಂಗಡಿಯಲ್ಲಿರುವ 280ರದ್ದೇ ತುಂಬಾ ಇಷ್ಟವಾಗಿದ್ದರೆ ಒಂದು ದಾರಿ ಇದೆ. ಕೆಲಸದ ಜಾಗದಲ್ಲಿ ಎರಡನೇ ಚಾರ್ಜರ್ ಇಟ್ಟುಕೊಳ್ಳಿ. 2 ಆಂಪಿಯರಿನ ಸಾದಾ ಚಾರ್ಜರ್ ನಿಮ್ಮ ಬೆಳಗಿನ ಖರ್ಚನ್ನು ಒಂದೂವರೆ ಗಂಟೆಯೊಳಗೆ ತುಂಬಿಸುತ್ತದೆ. ಆದರೆ ಆ ಬ್ಯಾಟರಿ ತಯಾರಿಸಿದವರೇ ಹೇಳಿದ ಚಾರ್ಜರ್ ಆಗಿರಬೇಕು. ಪಿನ್ ಕೂತಿತು ಅಂತ ಬೇರೆಯದನ್ನು ಚುಚ್ಚಬೇಡಿ. ವೋಲ್ಟೇಜ್ ತಪ್ಪಿದರೆ ಬೆಂಕಿ ಹತ್ತಬಹುದು. ಕೆಳಗೆ ಬಿದ್ದು ಪೆಟ್ಟಾದ, ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೇ ಹಾಕಬೇಡಿ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಅಥವಾ ಹೊರಹೋಗುವ ಬಾಗಿಲ ಪಕ್ಕದಲ್ಲಿ ಇಟ್ಟು ಚಾರ್ಜ್ ಮಾಡುವುದೂ ಬೇಡ.

ಮೋಟಾರ್ ಜಾಗದ ವಿಷಯ. ಹಬ್ ಮೋಟಾರ್ ಏರು ಹತ್ತಲ್ಲ ಅನ್ನುವುದು ಅರ್ಧ ನಿಜ. ಹಬ್ ಮೋಟಾರ್ ಚಕ್ರದ ನಡುವೆ ಕೂತು ಚಕ್ರವನ್ನೇ ತಿರುಗಿಸುತ್ತದೆ. ನಿಮ್ಮ ಗೇರುಗಳು ಅದಕ್ಕೆ ಸಿಗುವುದಿಲ್ಲ. ವೇಗ ಕಮ್ಮಿಯಾದಷ್ಟೂ ಅದು ಬ್ಯಾಟರಿಯಿಂದ ಎಳೆದದ್ದನ್ನು ಬಿಸಿಯಾಗಿ ಕಳೆಯುತ್ತದೆ. ಮಿಡ್ ಡ್ರೈವ್ ಪೆಡಲ್ ಅಚ್ಚಿನಲ್ಲಿ ಕೂತು ಚೈನನ್ನು ಎಳೆಯುತ್ತದೆ. ನೀವು ಹಗುರ ಗೇರು ಹಾಕಿದರೆ ಅದಕ್ಕೂ ಹಗುರವಾಗುತ್ತದೆ. ಕಡಿದಾದ, ಉದ್ದನೆಯ ಏರಿಗೆ ಮಿಡ್ ಡ್ರೈವನ್ನು ಮೀರಿಸಿದ್ದು ಇಲ್ಲ, ಇದು ನಿಜ.

ನಿಮ್ಮ ಏರು ಅಂಥದ್ದಾ ಅನ್ನುವುದು ಪ್ರಶ್ನೆ. ನೂರಕ್ಕೆ 6ರ ಏರನ್ನು ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತಲು ನಿಮ್ಮ 90 ಕೆ.ಜಿ.ಗೆ ಸುಮಾರು 210 ವ್ಯಾಟ್ ಬೇಕು. ತುಸು ಬೆವರುವಷ್ಟು ಪೆಡಲ್ ಮಾಡಿದರೆ ನೀವು 90 ಕೊಡುತ್ತೀರಿ. ಮೋಟಾರಿಗೆ ಉಳಿಯುವುದು 120. ಇದು 250 ವ್ಯಾಟಿನ ಹಬ್ ಮೋಟಾರಿಗೆ ಹೊರೆಯಲ್ಲ. ಅದೂ ಆರೇಳು ನಿಮಿಷ ಮಾತ್ರ. ಅದೇ ನೀವು ಪೆಡಲ್ ಬಿಟ್ಟು ಪೂರ್ತಿ ಭಾರ ಮೋಟಾರಿನ ಮೇಲೆ ಹಾಕಿದರೆ ವೇಗ ಇಳಿಯುತ್ತದೆ, ಒಳಗೆ ಬಿಸಿ ಏರುತ್ತದೆ. ಇಂಥ ಮೋಟಾರ್‌ಗಳಲ್ಲಿ ಹೆಚ್ಚಿನವುಗಳ ಒಳಗೆ ಪ್ಲಾಸ್ಟಿಕ್ಕಿನ ಸಣ್ಣ ಹಲ್ಲುಚಕ್ರಗಳಿರುತ್ತವೆ. ಬಿಸಿಗೆ ಅವು ಮೆತ್ತಗಾಗಿ ಸವೆಯುತ್ತವೆ. ಮೊದಲು ಗರಗರ ಸದ್ದು, ಆಮೇಲೆ ಎಳೆತ ತಪ್ಪಿ ತಪ್ಪಿ ಬರುವುದು.

ಪರೀಕ್ಷೆ ಸುಲಭ. ಏರು ಹತ್ತಿ ಮೇಲೆ ನಿಂತು ಎರಡು ನಿಮಿಷ ಬಿಡಿ, ಒಳಗಿನ ಬಿಸಿ ಹೊರಗೆ ಬರಲಿ. ಆಮೇಲೆ ಮೋಟಾರಿನ ಲೋಹದ ಮೈ ಮೇಲೆ ಅಂಗೈ ಇಡಿ. ಪಕ್ಕದ ಡಿಸ್ಕ್ ಬ್ರೇಕಿನ ತಟ್ಟೆ ಮುಟ್ಟಬೇಡಿ, ಕೈ ಸುಡಬಹುದು. ಅಂಗೈ ಆರಾಮಾಗಿ ನಿಂತರೆ ಮೋಟಾರ್ ಸುಖವಾಗಿದೆ. ಐದು ಸೆಕೆಂಡ್ ಇಡಲಾಗದಷ್ಟು ಬಿಸಿಯಿದ್ದರೆ, ಅಥವಾ ಸುಟ್ಟ ವಾರ್ನಿಷ್ ವಾಸನೆ ಬಂದರೆ, ಆ ಏರಿಗೆ ಆ ಮೋಟಾರ್ ಸಾಲದು. ಮ್ಯಾಪಿನಲ್ಲಿ ನಿಮ್ಮ ಏರು ನೂರಕ್ಕೆ 10 ದಾಟುವ ಉದ್ದನೆಯ ಭಾಗ ಕಂಡರೆ ಆಗ ಸಹೋದ್ಯೋಗಿಯ ಮಾತು ಕೇಳಿ, ಮಿಡ್ ಡ್ರೈವ್ ನೋಡಿ.

ಮಿಡ್ ಡ್ರೈವಿನ ಸುಖಕ್ಕೆ ತೆರಬೇಕಾದದ್ದೂ ಇದೆ. ಮೋಟಾರಿನ ಬಲ, ನಿಮ್ಮ ಬಲ ಎರಡೂ ಚೈನಿನ ಮೇಲೆಯೇ ಬೀಳುವುದರಿಂದ ಚೈನು, ಹಲ್ಲುಚಕ್ರ ಬೇಗ ಸವೆಯುತ್ತವೆ. ಏರಿನಲ್ಲಿ ಪೂರ್ತಿ ಬಲ ಹಾಕುತ್ತಾ ಗೇರು ಬದಲಿಸಿದರೆ ಚೈನ್ ತುಂಡಾಗಲೂಬಹುದು. ಕೆಟ್ಟರೆ ಅದೇ ಕಂಪನಿಯ ಭಾಗ, ಅದೇ ಕಂಪನಿಯ ಮೆಕ್ಯಾನಿಕ್ ಬೇಕು. ಹಬ್ ಮೋಟಾರಿನ ತೊಂದರೆ ಹಿಂದಿನ ಚಕ್ರ ಪಂಕ್ಚರ್ ಆದಾಗ. ಚಕ್ರ ಭಾರ, ವೈರಿನ ಪ್ಲಗ್ ಬಿಚ್ಚಬೇಕು, ದೊಡ್ಡ ಸ್ಪ್ಯಾನರ್ ಬೇಕು.

ಆ ನಟ್‌ಗಳ ಬಗ್ಗೆ ಒಂದು ಎಚ್ಚರಿಕೆ. ಒಬ್ಬರು ಪಂಕ್ಚರ್ ಹಾಕಿಸಿದ ವಾರಕ್ಕೆ ಸೈಕಲ್ ತಂದರು, ಮೋಟಾರ್ ಸತ್ತಿತ್ತು. ನೋಡಿದರೆ ಅಚ್ಚು ತಿರುಗದಂತೆ ಹಿಡಿಯುವ, ಒಂದು ಕೊಕ್ಕಿರುವ ವಾಷರನ್ನು ವಾಪಸ್ ಹಾಕುವಾಗ ಮರೆತಿದ್ದರು, ನಟ್ಟೂ ಸಡಿಲ. ಮೋಟಾರ್ ಚಕ್ರವನ್ನು ಮುಂದೆ ತಳ್ಳುವಾಗ ಅಷ್ಟೇ ಬಲದಲ್ಲಿ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದೆ. ಇಲ್ಲಿ ತಿರುಗಿಯೇಬಿಟ್ಟು ವೈರನ್ನು ದಾರದುಂಡೆಯ ಹಾಗೆ ಸುತ್ತಿಕೊಂಡಿತ್ತು. ಒಳಗಿನ ಕೂದಲೆಳೆಯಂಥ ವೈರುಗಳು ತುಂಡು ತುಂಡು. ಹಾಗಾಗಿ ನಟ್ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಫ್ರೇಮಿಗೆ ದಾಟುವಂತೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಸಿಕೊಳ್ಳಿ. ಗೆರೆ ಮುರಿದು ಕಂಡರೆ ನಟ್ ಅಲುಗಿದೆ ಅಂತ ಅರ್ಥ. ಮುಂದಿನ ಚಕ್ರದಲ್ಲಿ ಮೋಟಾರ್ ಇರುವ ಸೈಕಲ್ ನಿಮಗೆ ಬೇಡ. ಏರಿನಲ್ಲಿ ಭಾರ ಹಿಂದಕ್ಕೆ ಜಾರಿದಾಗ ಮುಂದಿನ ಚಕ್ರ ಹಗುರವಾಗುತ್ತದೆ, ಒದ್ದೆ ರಸ್ತೆಯಲ್ಲಿ ಸುಮ್ನೆ ತಿರುಗುತ್ತದೆ.

ಮೋಟಾರ್ ಎಲ್ಲಿದೆ ಅನ್ನುವುದಕ್ಕಿಂತ ಅದಕ್ಕೆ ಅಪ್ಪಣೆ ಕೊಡುವ ಸೆನ್ಸರ್ ಯಾವುದು ಅಂತ ಕೇಳಿ. ಕೇಡೆನ್ಸ್ ಸೆನ್ಸರ್ ಪೆಡಲ್ ತಿರುಗುತ್ತಿದೆಯಾ ಅಂತ ಮಾತ್ರ ನೋಡುತ್ತದೆ. ನೀವು ಮೆಲ್ಲಗೆ ತುಳಿದರೂ ಅದು ಒಂದೇ ಸಮ ದಬ್ಬುತ್ತದೆ, ತುಳಿಯುವುದು ನಿಲ್ಲಿಸಿದ ಮೇಲೂ ಅರೆಕ್ಷಣ ದಬ್ಬುತ್ತದೆ. ಟಾರ್ಕ್ ಸೆನ್ಸರ್ ನೀವು ಎಷ್ಟು ಒತ್ತುತ್ತಿದ್ದೀರಿ ಅಂತ ನೋಡಿ ಅದಕ್ಕೆ ತಕ್ಕಷ್ಟೇ ಕೊಡುತ್ತದೆ. ಸಂದಣಿಯಲ್ಲಿ, ಸಿಗ್ನಲ್ಲಿನಲ್ಲಿ ಇದರ ವ್ಯತ್ಯಾಸ ತುಂಬಾ. ಅಂಗಡಿ ಮುಂದೆ ನಿಧಾನಕ್ಕೆ ಒಂದು ಚಿಕ್ಕ ಯು-ಟರ್ನ್ ಹೊಡೆದು ನೋಡಿ. ತಿರುವಿನ ನಡುವೆ ಸೈಕಲ್ ನಿಮ್ಮನ್ನು ತಳ್ಳಿದಂತಾದರೆ ಅದು ಬೇಡ. ಟಾರ್ಕ್ ಸೆನ್ಸರ್ ಇರುವ ಹಿಂದಿನ ಹಬ್ ಮೋಟಾರ್ ಸಿಕ್ಕರೆ ನಿಮ್ಮ ದಾರಿಗೆ ಅದೇ ನನ್ನ ಮೊದಲ ಆಯ್ಕೆ.

ಕೊನೆಗೆ ಫ್ರೇಮ್. ಇದರಲ್ಲಿ ಅಂಗಡಿಯವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸೀಟು ಇಳಿಸಿದರೆ ಕಾಲಿನ ಲೆಕ್ಕ ಮಾತ್ರ ಸರಿಹೋಗುತ್ತದೆ. ಸೀಟಿನಿಂದ ಹ್ಯಾಂಡಲಿಗೆ ಇರುವ ದೂರ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ದೊಡ್ಡ ಫ್ರೇಮಿನಲ್ಲಿ ನೀವು ಕೈ ಚಾಚಿ, ಮೊಣಕೈ ನೆಟ್ಟಗೆ ಮಾಡಿ, ಬೆನ್ನು ಮುಂದಕ್ಕೆ ಎಳೆದುಕೊಂಡು ಕೂರುತ್ತೀರಿ. ಮೊದಲ ದಿನ ಗೊತ್ತಾಗುವುದಿಲ್ಲ. ಕೆಲವು ವಾರ ಕಳೆದ ಮೇಲೆ ಕತ್ತು ಹಿಡಿಯುವುದು, ಕಿರುಬೆರಳು ಜೋಮು ಹಿಡಿಯುವುದು ಶುರು. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಬದಲಿಸಿ ಎರಡು ಮೂರು ಸೆಂ.ಮೀ. ಹತ್ತಿರ ತರಬಹುದು. ಅದಕ್ಕಿಂತ ಜಾಸ್ತಿ ಬೇಕು ಅಂದರೆ ಫ್ರೇಮೇ ತಪ್ಪು. ಮೀಡಿಯಂ, ಸ್ಮಾಲ್ ಅನ್ನುವ ಅಕ್ಷರ ನೋಡಿ ತೀರ್ಮಾನ ಮಾಡಬೇಡಿ. ಒಂದು ಕಂಪನಿಯ ಸ್ಮಾಲ್ ಇನ್ನೊಂದರ ಮೀಡಿಯಮ್ಮಿನಷ್ಟು ಇರುವುದುಂಟು.

ಮನೆಯಲ್ಲೇ ಒಂದು ಅಳತೆ ತೆಗೆದುಕೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಎರಡು ಕಾಲಿನ ನಡುವೆ ಗಟ್ಟಿ ರಟ್ಟಿನ ಪುಸ್ತಕವನ್ನು ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ನಿಮ್ಮ ಎತ್ತರದವರಿಗೆ 72 ಸೆಂ.ಮೀ. ಆಸುಪಾಸು ಬರಬಹುದು. ಅದನ್ನು 0.883ರಿಂದ ಗುಣಿಸಿದರೆ ಸುಮಾರು ಅರವತ್ತಮೂರೂವರೆ ಸೆಂ.ಮೀ. ಪೆಡಲ್ ಅಚ್ಚಿನ ನಡುಬಿಂದುವಿನಿಂದ ಸೀಟಿನ ಮೇಲ್ಮೈಗೆ ಇರಬೇಕಾದ ಎತ್ತರ ಅದು. ಅಂಗಡಿಗೆ ಟೇಪ್ ತೆಗೆದುಕೊಂಡು ಹೋಗಿ ಅಷ್ಟಕ್ಕೆ ಸೀಟು ಇಳಿಯುತ್ತದಾ ನೋಡಿ. ಕೆಲವು ಇ-ಸೈಕಲ್‌ಗಳಲ್ಲಿ ಸೀಟಿನ ಪೈಪ್ ಒಳಗೆ ಬಾಗಿರುತ್ತದೆ ಅಥವಾ ವೈರಿಗೆ ತಾಗುತ್ತದೆ, ಪೂರ್ತಿ ಇಳಿಯುವುದೇ ಇಲ್ಲ. ಆಮೇಲೆ ಹತ್ತಿ ಕೂತು, ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲೆ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಹಾಗಿದ್ದರೆ ಬೆರಳ ಬುಡದಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ.

ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲಿ ಅಂತ ಸೀಟನ್ನು ತುಂಬಾ ಇಳಿಸಿಕೊಳ್ಳುವವರು ಬಹಳ ಜನ. ಮಂಡಿಯ ಮುಂಭಾಗ ನೋವು ಅಂತ ಬರುವವರಲ್ಲಿ ಸೀಟು ಇಳಿದಿದೆಯಾ ಅಂತಲೇ ನಾನು ಮೊದಲು ನೋಡುವುದು. ಆದರೆ ಹಾಗೆ ಇಳಿಸಿಕೊಳ್ಳುವವರ ಭಯವೂ ನ್ಯಾಯವೇ. 23 ಕೆ.ಜಿ. ಸೈಕಲ್ ಸಿಗ್ನಲ್ಲಿನಲ್ಲಿ ಒಂದು ಕಡೆ ವಾಲಿದರೆ ತುದಿಗಾಲಲ್ಲಿ ಹಿಡಿಯುವುದು ಕಷ್ಟ. ಅದಕ್ಕೆ ಪರಿಹಾರ ಮೇಲಿನ ಅಡ್ಡ ಪೈಪ್ ಇಲ್ಲದ, ನಡುವೆ ತಗ್ಗಾಗಿರುವ ಫ್ರೇಮ್. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಎರಡೂ ಕಾಲೂರಬಹುದು. ಸೀಟಿನ ಎತ್ತರ ಮುಟ್ಟಬೇಕಿಲ್ಲ. ಅದರಲ್ಲಿ ಬ್ಯಾಟರಿ ಎಲ್ಲಿದೆ ನೋಡಿ. ಹಿಂದಿನ ಕ್ಯಾರಿಯರ್ ಮೇಲಿದ್ದರೆ ಭಾರ ಎತ್ತರದಲ್ಲೂ ಹಿಂದೆಯೂ ಕೂತು ತಿರುವಿನಲ್ಲಿ ಓಲಾಡಿಸುತ್ತದೆ. ಕೆಳಗಿನ ಪೈಪಿನಲ್ಲಿ ಅಥವಾ ಸೀಟಿನ ಪೈಪಿನ ಹಿಂದೆ ಇದ್ದರೆ ಒಳ್ಳೆಯದು.

ಸಾದಾ ಸೈಕಲ್ ಬಗ್ಗೆ ಕೇಳಿದ್ದೀರಿ. ಅದನ್ನು ಸುಮ್ನೆ ತಳ್ಳಿಹಾಕಬೇಡಿ. 12 ಕೆ.ಜಿ.ಯ ಸೈಕಲ್ಲನ್ನು ನೀವು ಬೇಕಾದರೆ ಮೂರನೇ ಮಹಡಿಗೇ ಹೊತ್ತುಕೊಂಡು ಹೋಗಬಹುದು. ರಾತ್ರಿಯ ಕಳ್ಳತನದ ಚಿಂತೆ ಅಲ್ಲಿಗೇ ಮುಗಿಯಿತು. 11 ಕಿ.ಮೀ.ಗೆ 40ರಿಂದ 45 ನಿಮಿಷ ಹಿಡಿಯುತ್ತದೆ. ಏರನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಲು ನಿಮಗೆ 120 ವ್ಯಾಟ್ ಬೇಕು. ಅಭ್ಯಾಸವಿದ್ದರೆ ಆಗುತ್ತದೆ, ಆದರೆ ಗೇರು ಸರಿಯಿರಬೇಕು. ಮುಂದಿನ ಚಿಕ್ಕ ಹಲ್ಲುಚಕ್ರದ ಹಲ್ಲುಗಳು, ಹಿಂದಿನ ದೊಡ್ಡ ಹಲ್ಲುಚಕ್ರದ ಹಲ್ಲುಗಳು ಎಣಿಸಿ. ಎರಡೂ ಹೆಚ್ಚುಕಮ್ಮಿ ಸಮ ಇದ್ದರೆ, ಉದಾಹರಣೆಗೆ ಮುಂದೆ 32, ಹಿಂದೆ 32 ಇದ್ದರೆ, ಆ ಏರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯುತ್ತಾ ಹತ್ತಬಹುದು. ಮುಂದೆ 44, ಹಿಂದೆ 28 ಇದ್ದರೆ ಸೀಟಿನಿಂದ ಎದ್ದು ನಿಂತು ತುಳಿಯಬೇಕಾಗುತ್ತದೆ, ಅಥವಾ ಇಳಿದು ತಳ್ಳಬೇಕಾಗುತ್ತದೆ.

ಹೀಗೆ ಮಾಡಿ. ಯಾರದಾದರೂ ಗೇರಿನ ಸಾದಾ ಸೈಕಲ್, ನಿಮ್ಮ ಅಳತೆಗೆ ಹತ್ತಿರ ಇರುವುದು, ಒಂದು ವಾರಕ್ಕೆ ಕೇಳಿ ತನ್ನಿ. ಸಂಜೆ ಕೆಲಸ ಮುಗಿಸಿ, ಬ್ಯಾಗ್ ಹಾಕಿಕೊಂಡೇ ಆ ಏರು ಹತ್ತಿ. ಐದು ದಿನದಲ್ಲಿ ನಾಲ್ಕು ದಿನ ಇಳಿಯದೆ ಹತ್ತಿದರೆ ನಿಮಗೆ ಸಾದಾ ಸೈಕಲ್ ಸಾಕು. ಎರಡನೇ ದಿನವೇ ಬೇರೆ ದಾರಿ ಹುಡುಕುವಂತಾದರೆ 36 ವೋಲ್ಟ್, 10 ಆಂಪಿಯರ್ ಅವರ್, ಟಾರ್ಕ್ ಸೆನ್ಸರ್, ಹಿಂದಿನ ಹಬ್, ತಗ್ಗು ಫ್ರೇಮ್ ಅಂತ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಅವರು ತೋರಿಸುವ ಸೈಕಲ್ಲನ್ನೂ ಅದೇ ಏರಿನಲ್ಲಿ ಒಂದು ಸಲ ಹತ್ತಿಸಿ, ಮೇಲೆ ನಿಂತು ಮೋಟಾರ್ ಮುಟ್ಟಿ ನೋಡಿದ ಮೇಲೆ ದುಡ್ಡು ಕೊಡಿ.